ಕಾಲಂ ಷೆಡ್ಯೂಲ್ ಓದುವ ಕ್ರಮ

ಪ್ರಶ್ನೆ: ಸಿವಿಲ್ ಡಿಪ್ಲೊಮಾ ಮುಗಿಸಿ ಎರಡು ತಿಂಗಳಿಂದ ಸೈಟ್ ಸೂಪರ್‌ವೈಸರ್ ಆಗಿದ್ದೇನೆ. ಷೆಡ್ಯೂಲ್‌ನಲ್ಲಿ C3, 300x450, 4-20T + 4-16T, 8T@75/150 c/c ಎಂದಿದೆ. ಬಾರ್ ಬೆಂಡಿಂಗ್ ಮೇಸ್ತ್ರಿ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದೇನೆ. ಇದನ್ನು ನಾನೇ ಓದುವುದು ಹೇಗೆ ಸಾರ್?

ಉತ್ತರ: ಮೊದಲು ಕಾಲಂ ಲೇಔಟ್ ಹಾಳೆಯನ್ನು ತೆರೆಯಿರಿ. ಒಂದೇ ಅಳತೆ, ಒಂದೇ ಕಂಬಿಯುಳ್ಳ ಕಾಲಂಗಳಿಗೆಲ್ಲ C3 ಎಂದು ಹೆಸರಿಟ್ಟಿರುತ್ತಾರೆ; ಅವು ಯಾವ ಗ್ರಿಡ್ ರೇಖೆಗಳು ಕೂಡುವಲ್ಲಿವೆ, 450ರ ಮಗ್ಗುಲು ಯಾವ ದಿಕ್ಕಿಗಿದೆ ಎಂಬುದು ಲೇಔಟ್‌ನಲ್ಲಿಯೇ ಸಿಗುತ್ತದೆ. ನಾನು ಹೊಸಬನಾಗಿದ್ದಾಗ ಷೆಡ್ಯೂಲ್ ಒಂದನ್ನೇ ನೋಡಿ ಒಂದು ಕಾಲಂನ ಕಂಬಿಯನ್ನು ಅಡ್ಡಲಾಗಿ ನಿಲ್ಲಿಸಿದ್ದೆ. ಪ್ಲಿಂತ್ ಬೀಮ್ ಕಟ್ಟಲು ಹೋದಾಗ ತಪ್ಪು ಕಂಡಿತು, ಅಷ್ಟರಲ್ಲಿ ಫೂಟಿಂಗ್‌ಗೆ ಕಾಂಕ್ರೀಟ್ ಬಿದ್ದಾಗಿತ್ತು.

4-20T ಎಂದರೆ 20 ಮಿ.ಮೀ. ವ್ಯಾಸದ ನಾಲ್ಕು ಕಂಬಿಗಳು. ಆದರೆ 8T@75/150 ಎಂಬಲ್ಲಿ ಎಂಟು ರಿಂಗ್‌ಗಳೆಂದು ಓದಬೇಡಿ: ಅಲ್ಲಿ 8 ರಿಂಗಿನ ವ್ಯಾಸ, @ ಗುರುತಿನ ನಂತರದ್ದು ಒಂದು ರಿಂಗಿನ ನಡುವಿನಿಂದ ಮುಂದಿನದರ ನಡುವಿಗೆ ಇರುವ ಅಂತರ. ಎರಡು ಅಂತರಗಳಿದ್ದರೆ ಸಾಮಾನ್ಯವಾಗಿ ಚಿಕ್ಕದು ಕಾಲಂನ ಎರಡೂ ತುದಿಗಳಿಗೆ, ದೊಡ್ಡದು ನಡುವಿನ ಭಾಗಕ್ಕೆ. ಭೂಕಂಪದಲ್ಲಿ ಕಾಲಂ ಸಾಮಾನ್ಯವಾಗಿ ಬೀಮ್‌ನ ಅಂಚಿನಲ್ಲಿಯೇ ಒಡೆಯುವುದರಿಂದ IS 13920 ತುದಿಯಲ್ಲಿ ಒತ್ತಾದ ರಿಂಗ್ ಕೇಳುತ್ತದೆ. ತುದಿಯ ಉದ್ದವನ್ನು ನಕ್ಷೆಯಲ್ಲಿ ಕೊಟ್ಟಿರುತ್ತಾರೆ. ಕಾಲಂನ ದೊಡ್ಡ ಮಗ್ಗುಲು, ಬೀಮ್‌ಗಳ ನಡುವಿನ ಎತ್ತರದ ಆರನೇ ಒಂದು ಭಾಗ, 450 ಮಿ.ಮೀ. ಈ ಮೂರರಲ್ಲಿ ದೊಡ್ಡದಕ್ಕಿಂತ ಅದು ಕಡಿಮೆಯಿರಬಾರದು.

ನಿಮ್ಮ ಕಾಲಂನ ಆ ಎತ್ತರ 2700 ಮಿ.ಮೀ. ಎನ್ನೋಣ. ಕೆಳಗೆ 450, ಮೇಲೆ 450, ನಡುವೆ 1800. ತುದಿಗಳಲ್ಲಿ 75ರಂತೆ ಆರಾರು ಅಂತರ, ನಡುವೆ 150ರಂತೆ ಹನ್ನೆರಡು. ಒಟ್ಟು 24 ಅಂತರಗಳಿಗೆ 25 ರಿಂಗ್. ಬೀಮ್ ಜೋಡಣೆಯೊಳಗಿನವು ಬೇರೆ. ಮೇಸ್ತ್ರಿ ಉದ್ದಕ್ಕೂ 150ಕ್ಕೆ ಕಟ್ಟಿದ್ದರೆ 19 ಮಾತ್ರ ಸಿಗುತ್ತವೆ, ಆದ್ದರಿಂದ ಸೆಂಟರಿಂಗ್ ಹಲಗೆ ಮುಚ್ಚುವ ಮೊದಲು ಎಣಿಸಿದರೆ ಸಾಕು, ತಪ್ಪು ಗೊತ್ತಾಗುತ್ತದೆ.

ಇನ್ನು ಸೆಕ್ಷನ್ ಗುರುತು. ಬಾಣವಿರುವ ವೃತ್ತದಲ್ಲಿ ಮೇಲಿನದು ಸಾಮಾನ್ಯವಾಗಿ ಸೆಕ್ಷನ್‌ನ ಹೆಸರು, ಕೆಳಗಿನದು ಅದನ್ನು ಬಿಡಿಸಿರುವ ಹಾಳೆಯ ಸಂಖ್ಯೆ. ಬಾಣ ತೋರುವ ಕಡೆಗೆ ಮುಖಮಾಡಿ ನಿಂತವನಿಗೆ ಕಾಣುವುದೇ ಆ ಚಿತ್ರ. ಬಾಣವನ್ನು ಗಮನಿಸದಿದ್ದರೆ ಒಂದೇ ಕಡೆಗೆ ಚಾಚಿದ ಫೂಟಿಂಗ್ ಎಡಬಲ ಅದಲುಬದಲಾಗುತ್ತದೆ. C3ರ ಸೆಕ್ಷನ್‌ನಲ್ಲಿ ಎರಡು ವಿಷಯ ನೋಡಿ. 20ರ ಕಂಬಿಗಳು ಮೂಲೆಯಲ್ಲಿವೆಯೇ, 16ರವು ಯಾವ ಮಗ್ಗುಲಲ್ಲಿವೆ ಎಂಬುದು ಒಂದು. 450ರ ಮಗ್ಗುಲು 300 ಮೀರಿರುವುದರಿಂದ ಹೊರ ರಿಂಗಿನ ಜೊತೆಗೆ ಒಳಗೆ ಅಡ್ಡ ಲಿಂಕ್ ಇರಬೇಕು, ಅದು ಇನ್ನೊಂದು. ಷೆಡ್ಯೂಲ್‌ನ ಸಾಲಿನಲ್ಲಿ ಈ ಲಿಂಕ್ ಬಿಟ್ಟುಹೋಗಿ ಸೆಕ್ಷನ್‌ನಲ್ಲಿ ಮಾತ್ರ ಇರುವುದುಂಟು. ಎರಡೂ ತಾಳೆಯಾಗದಿದ್ದರೆ ಕಾಂಕ್ರೀಟ್ ನಿಲ್ಲಿಸಿ, ಡಿಸೈನ್ ಎಂಜಿನಿಯರ್ ಅವರಿಂದ ಬರಹದಲ್ಲಿ ಉತ್ತರ ಪಡೆಯಿರಿ.