ಪತ್ರದ ‘ದೊಡ್ಡಪ್ಪನವರು’ ಅರಬಿಯಲ್ಲಿ ಯಾರಾಗಬೇಕು?

ಪ್ರಶ್ನೆ: ಸಿಂಧನೂರು ತಾಲ್ಲೂಕಿನ ನಮ್ಮ ಊರಿಂದ ಅತ್ತಿ ಕೈಯಾರೆ ಬರೆದ ಪತ್ರದ ಫೋಟೊ ಇದೆ. ತಮ್ಮ ಸೌದಿಯಲ್ಲಿದ್ದಾನೆ, ರಜೆಗೆ ಅವನ ಕಂಪನಿಯವರು ಇದರ ಅರಬಿ ಅನುವಾದ ಕೇಳಿದ್ದಾರೆ. ಪತ್ರದಲ್ಲಿರುವುದು: “ಚಿ|| ಪಂಪಣ್ಣನಿಗೆ ಅತ್ತಿಯ ಆಶೀರ್ವಾದಗಳು. ದೊಡ್ಡಪ್ಪನವರು ಸೋಮವಾರ ತೀರಿಕೊಂಡರು. ಅಣ್ಣ ಒಬ್ಬನೇ ಅದಾನ. ಮಾವಗ ಆರಾಮಿಲ್ಲ. ರಜಾ ಕೇಳಿ ಬಾರಪ್ಪಾ.” ಈ ಸಂಬಂಧದ ಮಾತು, ಚಿ||, ‘ಅವರು’ ಎಲ್ಲ ಅರಬಿಯಲ್ಲಿ ಹೇಗೆ ಹಾಕಿಸಬೇಕು?

ಉತ್ತರ:

ಫೋಟೊವನ್ನು ನೇರ ಅನುವಾದಕರ ಕೈಗೆ ಕೊಡಬೇಡಿ. ಮೊದಲು ಪತ್ರವನ್ನು ಇದ್ದದ್ದು ಇದ್ದ ಹಾಗೆ, ಸಾಲಿಗೆ ಸಾಲು, ಕನ್ನಡದಲ್ಲೇ ಟೈಪ್ ಮಾಡಿ. ಆಮೇಲೆ ಅದರಲ್ಲಿ ಬಂದ ಒಬ್ಬೊಬ್ಬರೂ ಪಂಪಣ್ಣನಿಗೆ ಯಾವ ಕಡೆಯಿಂದ ಏನಾಗಬೇಕು ಎಂದು ಬೇರೆ ಹಾಳೆಯಲ್ಲಿ ಬರೆಯಿರಿ. ಈ ಎರಡು ಹಾಳೆ ಇಲ್ಲದೆ ಎಂಥ ಅರಬಿ ಪಂಡಿತನೂ ಊಹೆಯ ಮೇಲೇ ಬರೆಯುತ್ತಾನೆ. ನಾನು ರಾಯಚೂರಿನವನು. ಮನೆಯಲ್ಲಿ ದಖ್ಖನಿ, ಸಾಲಿಯಲ್ಲಿ ಕನ್ನಡ, ಆಮೇಲೆ ಓದಿದ್ದು ಅರಬಿ. ಗಲ್ಫಿಗೆ ಹೋದ ನಮ್ಮ ಕಡೆಯವರ ಕಾಗದಪತ್ರ ನೋಡುವುದು ನನ್ನ ಕೆಲಸ.

ಓದುವುದರಿಂದಲೇ ಶುರು ಮಾಡೋಣ, ಏಕೆಂದರೆ ಮೊದಲ ಗಂಡಾಂತರ ಅಲ್ಲೇ ಇದೆ. ಅವಸರದ ಕೈಬರಹದಲ್ಲಿ ‘ಪ್ಪ’ ಮತ್ತು ‘ವ್ವ’ ಬಹಳ ಹತ್ತಿರ ಬರುತ್ತವೆ. ತಲೆಕಟ್ಟು ಸ್ವಲ್ಪ ಕೆಳಗಿಳಿದರೆ, ಇಲ್ಲವೆ ಆ ಅಕ್ಷರ ಕಾಗದದ ಮಡಿಕೆಯ ಮೇಲೆ ಬಿದ್ದಿದ್ದರೆ, ‘ದೊಡ್ಡಪ್ಪ’ನೋ ‘ದೊಡ್ಡವ್ವ’ನೋ ಹೇಳುವುದು ಕಷ್ಟ. ಸಾಮಾನ್ಯವಾಗಿ ಕ್ರಿಯಾಪದ ನಮ್ಮನ್ನು ಕಾಪಾಡುತ್ತದೆ. ‘ತೀರಿಕೊಂಡ’ ಎಂದಿದ್ದರೆ ಗಂಡಸು, ‘ತೀರಿಕೊಂಡಳು’ ಎಂದಿದ್ದರೆ ಹೆಂಗಸು. ನಿಮ್ಮ ಅತ್ತಿ ಮರ್ಯಾದೆ ಕೊಟ್ಟು ‘ತೀರಿಕೊಂಡರು’ ಎಂದು ಬರೆದಿದ್ದಾರೆ. ಆ ‘ರು’ ಬಂದ ಕೂಡಲೇ ಗಂಡು ಹೆಣ್ಣಿನ ಗುರುತು ಅಳಿಸಿಹೋಯಿತು. ‘ನವರು’ ಕೂಡ ಹಾಗೇ, ದೊಡ್ಡಪ್ಪನವರಿಗೂ ಸರಿ, ದೊಡ್ಡವ್ವನವರಿಗೂ ಸರಿ. ಕನ್ನಡದಲ್ಲಿ ಅದರಿಂದ ಯಾರಿಗೂ ತೊಂದರೆಯಿಲ್ಲ, ಊರಲ್ಲಿ ಯಾರು ಹೋದರೆಂಬುದು ಎಲ್ಲರಿಗೂ ಗೊತ್ತು. ಅರಬಿಯಲ್ಲಿ ಮಾತ್ರ ಕ್ರಿಯಾಪದದಲ್ಲೇ ಲಿಂಗ ತೋರಿಸದೆ ಸಾವಿನ ಸುದ್ದಿ ಬರೆಯಲು ಆಗುವುದಿಲ್ಲ. ಗಂಡಸಾದರೆ ‘ತುವುಫ್ಫಿಯ’, ಹೆಂಗಸಾದರೆ ‘ತುವುಫ್ಫಿಯತ್’.

ಇದಕ್ಕೆ ಮದ್ದು ಪತ್ರದಲ್ಲೇ ಇದೆ. ಕೊನೆಯ ಸಾಲಿನಲ್ಲಿ ‘ಬಾರಪ್ಪಾ’ ಇದೆ, ಅಲ್ಲಿರುವುದು ‘ಪ್ಪ’ ಎಂಬುದರಲ್ಲಿ ಸಂಶಯವಿಲ್ಲ. ‘ಪಂಪಣ್ಣ’ನಲ್ಲಿ ಎರಡು ‘ಪ’ ಇವೆ. ‘ಮಾವ’, ‘ಸೋಮವಾರ’ದಲ್ಲಿ ‘ವ’ ಇದೆ. ಫೋಟೊ ದೊಡ್ಡದು ಮಾಡಿ, ಅತ್ತಿಯ ಕೈ ‘ಪ’ವನ್ನು ಹೇಗೆ ತಿರುವುತ್ತದೆ, ‘ವ’ವನ್ನು ಹೇಗೆ ಮುಚ್ಚುತ್ತದೆ ಎಂದು ಈ ಪದಗಳಲ್ಲಿ ನೋಡಿಕೊಂಡು ಅನುಮಾನದ ಜಾಗಕ್ಕೆ ಹೋಲಿಸಿ. ಅಷ್ಟಾದರೂ ತಿಳಿಯದಿದ್ದರೆ ಟೈಪ್ ಮಾಡಿದ ಪ್ರತಿಯಲ್ಲಿ ಆ ಪದದ ಮುಂದೆ ಪ್ರಶ್ನೆ ಚಿಹ್ನೆ ಹಾಕಿ, ಅತ್ತಿಗೆ ಫೋನ್ ಮಾಡಿ ಕೇಳಿ. ಫೋಟೊ ಮತ್ತೆ ತೆಗೆಸುವುದಾದರೆ ಕಾಗದ ಚಪ್ಪಟೆಯಾಗಿ ಹಾಸಿ, ಹಗಲು ಬೆಳಕಿನಲ್ಲಿ, ಫೋನು ನೇರ ಮೇಲಿಂದ ಹಿಡಿದು ತೆಗೆಯಲಿ. ಅಂಚಿನಲ್ಲಿ ಅಡ್ಡಡ್ಡ ಬರೆದದ್ದೂ ಬರಬೇಕು. ನಮ್ಮ ಹಿರಿಯರು ಮುಖ್ಯ ಸುದ್ದಿಯನ್ನು ಜಾಗ ಮುಗಿದ ಮೇಲೇ ನೆನಪು ಮಾಡಿಕೊಳ್ಳುತ್ತಾರೆ.

‘ರು’ ಇನ್ನೊಂದು ಪೆಟ್ಟೂ ಕೊಡುತ್ತದೆ. ಅದನ್ನು ಬಹುವಚನವೆಂದೇ ತಿಳಿದು ‘ತುವುಫ್ಫೂ’ ಎಂದು ಬರೆದರೆ ಒಂದಕ್ಕಿಂತ ಹೆಚ್ಚು ಜನ ಸತ್ತರು ಎಂದಾಗುತ್ತದೆ. ಅರಬಿಯಲ್ಲಿ ಇಂಥ ಕಡೆ ಗೌರವವನ್ನು ಕ್ರಿಯಾಪದದ ಮೇಲೆ ಹೊರಿಸುವುದಿಲ್ಲ. ತೀರಿಹೋದವರ ಹೆಸರಿನ ಮೊದಲು ‘ಅಲ್ ಮರ್ಹೂಮ್’ ಎಂದು ಹಾಕಿ ಕ್ರಿಯಾಪದವನ್ನು ಏಕವಚನದಲ್ಲೇ ಬಿಡುತ್ತಾರೆ, ಮರ್ಯಾದೆಗೆ ಅಷ್ಟು ಸಾಕು. ನಮ್ಮ ಪತ್ರಗಳ ‘ಲಿಂ||’, ‘ಕೈ||’, ‘ದಿ||’ ಮೂರಕ್ಕೂ ಇದೇ ಹೊಂದುತ್ತದೆ. ಇವನ್ನು ಬಿಟ್ಟುಬಿಡಬೇಡಿ. ‘ಲಿಂ|| ಬಸಪ್ಪನ ಮಗ’ ಎಂಬಲ್ಲಿ ‘ಲಿಂ||’ ಹಾರಿಹೋದರೆ ತೀರಿಹೋದವನು ಕಾಗದದ ಮೇಲೆ ಬದುಕಿರುತ್ತಾನೆ, ಮುಂದೆ ಆಸ್ತಿಯ ವಿಚಾರ ಬಂದರೆ ಅದೇ ತಕರಾರು.

ಈಗ ದೊಡ್ಡಪ್ಪ. ಕನ್ನಡ ಸಂಬಂಧವನ್ನು ವರಸೆಯ ಲೆಕ್ಕದಲ್ಲಿ ನೋಡುತ್ತದೆ, ಅರಬಿ ಯಾರ ರಕ್ತ ಎಂದು ನೋಡುತ್ತದೆ. ಅಪ್ಪನ ಅಣ್ಣನೂ ದೊಡ್ಡಪ್ಪನೇ, ಅವ್ವನ ಅಕ್ಕನ ಗಂಡನೂ ದೊಡ್ಡಪ್ಪನೇ. ಅರಬಿಯಲ್ಲಿ ಮೊದಲನೆಯವನು ‘ಅಮ್ಮ್’, ಎರಡನೆಯವನು ‘ಜೌಜುಲ್ ಖಾಲಾ’, ಅಂದರೆ ಅವ್ವನ ಅಕ್ಕತಂಗಿಯ ಗಂಡ. ಅಕ್ಷರಶಃ ‘ದೊಡ್ಡ ತಂದೆ’ ಎಂದು ಬರೆಸಿದರೆ ಓದುವವನಿಗೆ ಅಜ್ಜನೋ ತಂದೆಯೋ ಎಂಬ ಗೊಂದಲ ಆಗುತ್ತದೆ. ಇದು ಬರೀ ಭಾಷೆಯ ಮಾತಲ್ಲ, ರಜೆ ನಿಂತಿರುವುದೇ ಇದರ ಮೇಲೆ. ಸೌದಿ ಕಾರ್ಮಿಕ ಕಾನೂನಿನ 113ನೇ ಕಲಮಿನ ಪ್ರಕಾರ ಗಂಡ ಅಥವಾ ಹೆಂಡತಿ, ಇಲ್ಲವೆ ತಂದೆತಾಯಿ, ಅಜ್ಜ ಅಜ್ಜಿ, ಮಕ್ಕಳು, ಮೊಮ್ಮಕ್ಕಳು ತೀರಿಕೊಂಡರೆ 5 ದಿನ ಸಂಬಳ ಸಹಿತ ರಜೆ ಇದೆ. 2025ರ ಫೆಬ್ರುವರಿಯಿಂದ ಜಾರಿಯಾದ ತಿದ್ದುಪಡಿಯಲ್ಲಿ ಒಡಹುಟ್ಟಿದವರ ಸಾವಿಗೆ 3 ದಿನ ಸೇರಿಸಿದ್ದಾರೆ. ದೊಡ್ಡಪ್ಪ ಎರಡರಲ್ಲೂ ಬರುವುದಿಲ್ಲ. ಹಾಗಾಗಿ ತಮ್ಮ ಕೇಳಬೇಕಾದದ್ದು ಸಾವಿನ ರಜೆಯಲ್ಲ, ವಾರ್ಷಿಕ ರಜೆಯನ್ನು ಮುಂಚೆಯೇ ಕೊಡಿ ಎಂದು. ‘ತಂದೆ’ ಎಂದು ಬರೆಸಿ 5 ದಿನ ತಗೊಂಡು, ನಾಳೆ ಮರಣ ಪ್ರಮಾಣಪತ್ರದಲ್ಲಿ ಬೇರೆ ಹೆಸರು ಕಂಡರೆ ಸುಳ್ಳು ದಾಖಲೆ ಕೊಟ್ಟ ಆರೋಪ ತಮ್ಮನ ತಲೆಗೆ ಬರುತ್ತದೆ.

ಅಣ್ಣನದೂ ಇದೇ ಕಥೆ. ದೊಡ್ಡಪ್ಪನ ಮಗನನ್ನು ನಾವು ಅಣ್ಣ ಎನ್ನದೆ ಇನ್ನೇನು ಎನ್ನುತ್ತೇವೆ? ಅರಬಿಯಲ್ಲಿ ಅವನು ‘ಅಖ್’ ಅಲ್ಲ, ‘ಇಬ್ನು ಅಮ್ಮ್’. ನಮ್ಮಲ್ಲಿ ದೊಡ್ಡಪ್ಪನ ಮಗಳು ಅಕ್ಕ ತಂಗಿ, ಮದುವೆಯ ಮಾತೇ ಇಲ್ಲ. ಅಲ್ಲಿ ಅಮ್ಮ್‌ನ ಮಗಳು ಮದುವೆಯಾಗುವ ಹುಡುಗಿ, ಎಷ್ಟೋ ಕಡೆ ಮೊದಲು ಕೇಳುವುದೇ ಅವಳನ್ನು. ಆದ್ದರಿಂದ ಈ ಗೆರೆಯನ್ನು ಅವರು ಹಗುರವಾಗಿ ದಾಟುವುದಿಲ್ಲ. ನಿಮ್ಮ ಪತ್ರದ ಅಣ್ಣ ಒಡಹುಟ್ಟಿದವನೇ ಆದರೆ ‘ಅಖೂಕ ಅಲ್ ಅಕ್ಬರ್’, ಅಂದರೆ ನಿನ್ನ ಹಿರಿಯ ಸೋದರ, ಎಂದು ಹಾಕಿಸಿ. ಬರೀ ‘ಅಖ್’ ಎಂದರೆ ಹಿರಿಯ ಕಿರಿಯ ಗೊತ್ತಾಗುವುದಿಲ್ಲ.

ಮಾವ, ಅತ್ತಿ ಇನ್ನೂ ತೊಡಕು. ಪಂಪಣ್ಣನಿಗೆ ಮದುವೆಯಾಗಿದೆಯೋ, ಆಗಿದ್ದರೆ ಯಾರ ಮಗಳ ಜೊತೆ ಎಂದು ನೀವು ಬರೆದಿಲ್ಲ. ಅತ್ತಿ ಅಂದರೆ ಅಪ್ಪನ ಅಕ್ಕತಂಗಿಯಾದರೆ ‘ಅಮ್ಮಾ’ (ಇದು ನಮ್ಮ ಅಮ್ಮ ಅಲ್ಲ, ‘ಅಮ್ಮ್’ನ ಸ್ತ್ರೀಲಿಂಗ), ಸೋದರಮಾವನ ಹೆಂಡತಿಯಾದರೆ ‘ಜೌಜತುಲ್ ಖಾಲ್’, ಹೆಂಡತಿಯ ತಾಯಿಯಾದರೆ ‘ಹಮಾತ್’. ನಮ್ಮಲ್ಲಿ ಸೋದರಮಾವನ ಮಗಳನ್ನೋ ಅತ್ತಿಯ ಮಗಳನ್ನೋ ತಂದುಕೊಂಡ ಮನೆಯಲ್ಲಿ ಒಬ್ಬಳೇ ಹೆಂಗಸು ಇವುಗಳಲ್ಲಿ ಎರಡು ಆಗಿರುತ್ತಾಳೆ. ಎರಡನ್ನೂ ಬರೆಸಬಹುದು. ನನ್ನ ಸಲಹೆ ಕೇಳಿದರೆ, ಈ ಕಾಗದಕ್ಕೆ ಯಾವುದು ಬೇಕೋ ಅದೊಂದೇ ಇರಲಿ. ಅಕ್ಕನ ಮಗಳನ್ನು ಮದುವೆಯಾದ ಮನೆಯಾಗಿದ್ದರಂತೂ ಇನ್ನಷ್ಟು ಹುಷಾರಿ. ಇಸ್ಲಾಮಿನಲ್ಲಿ ಆ ಮದುವೆ ನಿಷಿದ್ಧ, ಎರಡು ಸಂಬಂಧವನ್ನೂ ಒಂದೇ ಸಾಲಿನಲ್ಲಿ ಬರೆದರೆ ಓದುವ ಗುಮಾಸ್ತ ರಜೆ ಬಿಟ್ಟು ಅದನ್ನೇ ಕೇಳುತ್ತಾ ಕೂರುತ್ತಾನೆ. ‘ಹೆಂಡತಿಯ ತಾಯಿ’ ಎಂದಷ್ಟೇ ಬರೆದರೆ ಸುಳ್ಳೂ ಅಲ್ಲ, ಗದ್ದಲವೂ ಇಲ್ಲ.

ಮಾವ ಸೋದರಮಾವನಾದರೆ ‘ಖಾಲ್’, ಅತ್ತಿಯ ಗಂಡನಾದರೆ ‘ಜೌಜುಲ್ ಅಮ್ಮಾ’. ಹೆಣ್ಣು ಕೊಟ್ಟ ಮಾವನಾದರೆ ‘ವಾಲಿದು ಜೌಜತಿಕ’, ಅಂದರೆ ನಿನ್ನ ಹೆಂಡತಿಯ ತಂದೆ ಎಂದೇ ಬಿಡಿಸಿ ಬರೆಸಿ. ಯಾಕೆಂದರೆ ಅರಬರು ಮಾತಿನಲ್ಲಿ ಹೆಂಡತಿಯ ತಂದೆಯನ್ನೂ ‘ಅಮ್ಮೀ’ ಎಂದು ಕರೆಯುವುದುಂಟು. ಹಾಗೆ ಬರೆದರೆ ಮೇಲಿನ ಸಾಲಿನಲ್ಲಿ ತೀರಿಕೊಂಡ ಅಮ್ಮ್‌ಗೆ ಕೆಳಗಿನ ಸಾಲಿನಲ್ಲಿ ಬರೀ ಆರಾಮಿಲ್ಲ ಎಂದಾಗುತ್ತದೆ!

ಉರ್ದು ಬಲ್ಲವರ ಕೈಯಲ್ಲಿ ಮಾಡಿಸುವವರಿಗೆ ಒಂದು ಎಚ್ಚರಿಕೆ. ನಮ್ಮ ದಖ್ಖನಿಯ ‘ಖಾಲಾ’ ಅರಬಿಯದೇ, ಅವ್ವನ ಅಕ್ಕತಂಗಿ. ಆದರೆ ನಮ್ಮ ‘ಖಾಲೂ’ ಆಕೆಯ ಗಂಡ, ಅರಬಿಯ ‘ಖಾಲ್’ ಅವ್ವನ ಅಣ್ಣತಮ್ಮ. ನಾವು ಮಾಮು ಎನ್ನುವವನು ಅಲ್ಲಿ ಖಾಲ್. ಇಂಗ್ಲಿಷಿನ ಮೂಲಕ ಹೋದರೆ ಇನ್ನೂ ಕೆಟ್ಟದ್ದು. ದೊಡ್ಡಪ್ಪ, ಕಾಕಾ, ಸೋದರಮಾವ ಮೂವರೂ ‘ಅಂಕಲ್’ ಆಗಿಬಿಡುತ್ತಾರೆ, ಅಲ್ಲಿನ ಅನುವಾದಕ ತನಗೆ ತೋಚಿದ್ದನ್ನು ಆರಿಸುತ್ತಾನೆ. ಬೆರಗಾಗುವಂತೆ ಹೊಂದುವ ಪದಗಳೂ ಇವೆ: ನಮ್ಮ ಷಡ್ಡಕ ಅರಬಿಯಲ್ಲಿ ‘ಅದೀಲ್’, ನೆಗೆಣ್ಣಿ ‘ಸಿಲ್ಫಾ’. ಅದನ್ನು ಮೊದಲು ನೋಡಿದಾಗ ನನಗೆ ಖುಷಿಯಾಗಿತ್ತು.

‘ಚಿ||’ಗೆ ‘ಚಿರಂಜೀವಿ’ಯ ಅಕ್ಷರಾರ್ಥ ಬೇಡ, ಸಾವಿಲ್ಲದವನು ಎಂದರೆ ಅಲ್ಲಿ ದೇವರೊಬ್ಬನೇ. ‘ಅತಾಲಲ್ಲಾಹು ಉಮ್ರಹು’, ದೇವರು ಅವನ ಆಯುಷ್ಯ ಹೆಚ್ಚಿಸಲಿ, ಎಂಬ ರೂಢಿಯ ಮಾತು ತಕ್ಕದ್ದು. ಅರಬ್ ಕ್ರೈಸ್ತರೂ ಅಲ್ಲಾಹ್ ಎಂದೇ ಹೇಳುವುದರಿಂದ ಅದಕ್ಕೆ ಅಂಜಬೇಕಿಲ್ಲ. ಬೇಡವೆನಿಸಿದರೆ ‘ಅಲ್ ಅಜೀಜ್’, ಪ್ರೀತಿಯ, ಎಂದರೂ ನಡೆಯುತ್ತದೆ. ‘ಬಾರಪ್ಪಾ’ದ ಅಪ್ಪನನ್ನು ಅನುವಾದ ಮಾಡಬೇಡಿ. ಅರಬ್ ಮನೆಗಳಲ್ಲೂ ತಂದೆ ಮಗನನ್ನೇ ‘ಬಾಬಾ’ ಎನ್ನುವುದಿದೆ, ಆದರೆ ಅದು ಮನೆಯ ಮಾತು, ಕಂಪನಿಯ ಕಡತಕ್ಕಲ್ಲ. ‘ಪಂಪಣ್ಣ’ನ ಅಣ್ಣನೂ ಹೆಸರಿನ ಭಾಗವಷ್ಟೇ. ಅರಬಿ ಲಿಪಿಯಲ್ಲಿ ‘ಪ’ ಇಲ್ಲ, ‘ಬಂಬಣ್ಣ’ನಾಗುತ್ತಾನೆ. ಅವನ ಇಕಾಮಾ, ಅಂದರೆ ಸೌದಿಯ ವಾಸದ ಪರವಾನಗಿ ಕಾರ್ಡಿನಲ್ಲಿ ಅರಬಿಯಲ್ಲಿ ಹೇಗಿದೆಯೋ ಹಾಗೇ, ಒಂದಕ್ಷರ ಬದಲಿಸದೆ, ಇಳಿಸಲಿ.

ಉದಾಹರಣೆಗೆ, ದೊಡ್ಡಪ್ಪ ಅಪ್ಪನ ಅಣ್ಣ, ಅಣ್ಣ ಅವರ ಮಗ, ಅತ್ತಿ ಅಪ್ಪನ ತಂಗಿ, ಮಾವ ಆಕೆಯ ಗಂಡ ಎಂದಿಟ್ಟುಕೊಂಡರೆ, ಅರಬಿಯ ಸಾರ ಹೀಗೆ ಬರಬೇಕು: “ಪ್ರೀತಿಯ ಪಂಪಣ್ಣನಿಗೆ, ಅವನ ತಂದೆಯ ತಂಗಿಯಿಂದ. ನಿನ್ನ ತಂದೆಯ ಅಣ್ಣ ಸೋಮವಾರ ನಿಧನ ಹೊಂದಿದ. ಅವನ ಮಗ ಒಬ್ಬನೇ ಇದ್ದಾನೆ. ನನ್ನ ಗಂಡನಿಗೆ ಆರೋಗ್ಯ ಸರಿಯಿಲ್ಲ. ರಜೆ ಕೇಳಿ ಬಾ.” ಆಶೀರ್ವಾದದ ಸಾಲನ್ನು ಹಾಗೇ ಉಳಿಸಬಹುದು. ‘ಸೋಮವಾರ’ದ ಪಕ್ಕ ತಾರೀಖು ಕಂಸದಲ್ಲಿ ಸೇರಿಸಿ, ಅದು ಅನುವಾದಕ ಸೇರಿಸಿದ್ದೆಂದು ಗುರುತಿರಲಿ. ಇದರ ಜೊತೆ ಫೋಟೊ, ಟೈಪ್ ಪ್ರತಿ, ಮರಣ ಪ್ರಮಾಣಪತ್ರ ಇಡಿ. ಅತ್ತಿಗೆ ಫೋನ್ ಮಾಡುವಾಗ ಬರೆದದ್ದು ದೊಡ್ಡಪ್ಪನೋ ದೊಡ್ಡವ್ವನೋ, ಮಾವ ಎಂದರೆ ಯಾರು, ಈ ಎರಡು ಮಾತ್ರ ಮರೆಯದೆ ಕೇಳಿ. ಉಳಿದದ್ದು ನಿಮಗೇ ಗೊತ್ತಿರುತ್ತದೆ.