ಎಂಟುನೂರರ ಬಿಲ್ಲಿನಲ್ಲಿ ತಪ್ಪಿದ ಎರಡು ರೂಪಾಯಿ

ಪ್ರಶ್ನೆ: ಉಡುಪಿಯಲ್ಲಿ ನಮ್ಮದೊಂದು ಸಣ್ಣ ಹೋಟೆಲ್ ಉಂಟು. ಬಿಲ್ಲಿನಲ್ಲಿ 5% ಸರ್ವಿಸ್ ಚಾರ್ಜ್ ಹಾಕಿ ಪೂರ್ತಿ ಹುಡುಗರಿಗೇ ಹಂಚುವ ಅಂತಿದ್ದೇವೆ. ಅದು ಟಿಪ್ಸ್ ತಾನೇ, ಅದರ ಮೇಲೂ ಜಿಎಸ್‌ಟಿ ಕಟ್ಟಬೇಕಾ?

ಮಾರಾಯ್ರೆ, 2022ರ ಏಪ್ರಿಲಿನಲ್ಲಿ ನಮ್ಮ ಆಡಿಟರಿಗೆ ನಾನು ಹೇಳಿದ್ದೂ ಇದೇ ಮಾತು. ಅವರಿಗೆ ಕೇಳಿ ಮಾಡಿದ್ದಲ್ಲ, ಮಾಡಿ ಆದ ಮೇಲೆ ಹೇಳಿದ್ದು, ಅದೂ ಫೋನಿನಲ್ಲಿ. ಅವರು ಯಾವುದೋ ಗಡಿಬಿಡಿಯಲ್ಲಿ "ಹ್ಞೂಂ" ಅಂದರು. ಆ "ಹ್ಞೂಂ" ನನಗೆ 93,060 ರೂಪಾಯಿಗೆ ಬಿತ್ತು.

ಮಂಗಳೂರಿನಲ್ಲಿ ನಮ್ಮದು ಮೀನೂಟದ ಹೋಟೆಲ್. ತಿಂಗಳಿಗೆ ಹೆಚ್ಚುಕಡಿಮೆ 12 ಲಕ್ಷದ ವ್ಯಾಪಾರ, ಕೆಲಸಕ್ಕೆ ಹದಿನಾಲ್ಕು ಜನ. ಸರ್ವಿಸ್ ಚಾರ್ಜಿನ ಯೋಚನೆ ಹುಟ್ಟಿದ್ದು ದುರಾಸೆಯಿಂದ ಅಲ್ಲ, ಅಡುಗೆಮನೆಯ ಜಗಳದಿಂದ. ಸೋಂಪಿನ ತಟ್ಟೆಯಲ್ಲಿ ಗಿರಾಕಿ ಬಿಟ್ಟುಹೋದ ಹತ್ತಿಪ್ಪತ್ತು ರೂಪಾಯಿ ಸಪ್ಲಾಯರ್‌ಗಳ ಕಿಸೆಗೆ ಹೋಗುತ್ತಿತ್ತು. ಅಂಜಲ್ ಫ್ರೈ ಮಾಡುವ ನಮ್ಮ ಅಡುಗೆಯಣ್ಣ ಒಂದು ದಿನ ಸೌಟು ಕೆಳಗಿಟ್ಟು, "ತವಾದ ಎದುರು ಬೇಯುವುದು ನಾನು, ಟಿಪ್ಸು ಅವರಿಗಾ?" ಅಂದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಬಿಲ್ಲಿನಲ್ಲೇ 5% ಹಾಕಿದರೆ ಪಾತ್ರೆ ತೊಳೆಯುವವನಿಗೂ ಪಾಲು ಸಿಗುತ್ತದೆ ಅಂತ ನನಗೆ ಕಂಡಿತು.

ಇನ್ನು ನನ್ನ ತಪ್ಪು. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಬೇಸರ ಮಾಡಬೇಡಿ.

ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಟ್ಟ ಹುಡುಗ ಗಲ್ಲೆಯ ಹತ್ತಿರ ನಿಂತು, "ಸರ್ವಿಸ್ ಚಾರ್ಜ್ ಟ್ಯಾಕ್ಸಿನ ಮೇಲೆ ಬರಬೇಕಾ, ಕೆಳಗೆ ಬರಬೇಕಾ?" ಅಂತ ಕೇಳಿದ. ಬಿಲ್ಲು ಚಂದ ಕಾಣುವ ಪ್ರಶ್ನೆ ಅಂದುಕೊಂಡೆ ನಾನು. ಹುಡುಗರ ದುಡ್ಡಿಗೆ ಸರ್ಕಾರಕ್ಕೇನು ಕೊಡುವುದು ಅಂತ "ಕೆಳಗೆ ಹಾಕು" ಅಂದೆ. 800 ರೂಪಾಯಿ ಊಟ ಮಾಡಿದವರಿಗೆ ಬಿಲ್ಲು ಹೀಗೆ ಬರುತ್ತಿತ್ತು: ಊಟ 800, ಜಿಎಸ್‌ಟಿ 5% ಅಂದರೆ 40, ಸರ್ವಿಸ್ ಚಾರ್ಜ್ 40, ಒಟ್ಟು 880.

ಬರಬೇಕಾಗಿದ್ದದ್ದು ಬೇರೆ. ಮೊದಲು 800ಕ್ಕೆ ಸರ್ವಿಸ್ ಚಾರ್ಜ್ 40 ಸೇರಿ 840 ಆಗಬೇಕು. ಆ 840ರ ಮೇಲೆ 5% ಅಂದರೆ 42. ಒಟ್ಟು 882. ಯಾಕೆಂದರೆ ಜಿಎಸ್‌ಟಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ಊಟ ಕೊಡುವವನು ಆ ಊಟದ ಜೊತೆಗೆ ಬೇರೆ ಏನೇ ಹೆಸರಿನಲ್ಲಿ ಶುಲ್ಕ ಹಾಕಿದರೂ ಅದು ಊಟದ ಬೆಲೆಗೇ ಸೇರುತ್ತದೆ. ಆಮೇಲೆ ಆ ದುಡ್ಡನ್ನು ನೀವು ಹುಡುಗರಿಗೆ ಕೊಡುತ್ತೀರೋ, ಹುಂಡಿಗೆ ಹಾಕುತ್ತೀರೋ, ಕಾಯ್ದೆಗೆ ಸಂಬಂಧವಿಲ್ಲ. ಬಿಲ್ಲಿನಲ್ಲಿ ಕೇಳಿ ತೆಗೆದುಕೊಂಡದ್ದು ಹೋಟೆಲು, ಹಾಗಾಗಿ ಅದು ಹೋಟೆಲಿನ ವ್ಯಾಪಾರ. ದರವೂ ಊಟದ್ದೇ. ನಮ್ಮಂಥ ಹೋಟೆಲಿಗೆ 5%, ದುಬಾರಿ ರೂಮಿನ ಸ್ಟಾರ್ ಹೋಟೆಲಿನ ರೆಸ್ಟೋರೆಂಟಿಗೆ 18%.

ಒಂದು ಬಿಲ್ಲಿಗೆ ತಪ್ಪಿದ್ದು ಎರಡೇ ರೂಪಾಯಿ. ಸರಾಸರಿ 800ರ ಬಿಲ್ಲು ಅಂತ ಹಿಡಿದರೆ ತಿಂಗಳಿಗೆ 1,500 ಬಿಲ್ಲು, ಅಲ್ಲಿಗೆ 3,000 ರೂಪಾಯಿ. 2024ರ ಮಾರ್ಚಿನವರೆಗೆ 24 ತಿಂಗಳು ಹೀಗೇ ನಡೆಯಿತು. 72,000 ಆಯಿತು.

ಸಿಕ್ಕಿಬಿದ್ದದ್ದು ಹೇಗೆ ಕೇಳಿ. ನಮ್ಮಲ್ಲಿ ನಗದಿಗಿಂತ ಕಾರ್ಡು, ಯುಪಿಐ ಜಾಸ್ತಿ. ಸರ್ವಿಸ್ ಚಾರ್ಜೂ ಅದರಲ್ಲೇ ಬ್ಯಾಂಕಿಗೆ ಬರುತ್ತಿತ್ತು, ಆದರೆ ನಾನು GSTR-3B ರಿಟರ್ನಿನಲ್ಲಿ ತೋರಿಸುತ್ತಿದ್ದದ್ದು ಬರೀ ಊಟದ ವ್ಯಾಪಾರ. 12 ಲಕ್ಷಕ್ಕೆ ತೆರಿಗೆ 60 ಸಾವಿರ ಸೇರಿದರೆ 12 ಲಕ್ಷ 60 ಸಾವಿರ ಬರಬೇಕು. ಬರುತ್ತಿದ್ದದ್ದು 13 ಲಕ್ಷ 20 ಸಾವಿರ. ಆ ಹೆಚ್ಚಿನ 60 ಸಾವಿರ ಎಲ್ಲಿಯದು ಅಂತ ಕೇಳಿ ಪೋರ್ಟಲಿನಲ್ಲಿ ASMT-10 ನೋಟಿಸು ಬಂತು. ಬಿಲ್ಲುಗಳನ್ನು ತೆಗೆದುಕೊಂಡು ಹೋದೆ. ಅಧಿಕಾರಿ ಒಂದೇ ಬಿಲ್ಲು ನೋಡಿ, ಪೆನ್ನಿನಲ್ಲಿ ಸರ್ವಿಸ್ ಚಾರ್ಜಿನ ಸಾಲಿನಿಂದ ಜಿಎಸ್‌ಟಿಯ ಸಾಲಿನ ಮೇಲಕ್ಕೆ ಒಂದು ಬಾಣ ಎಳೆದು ನನ್ನ ಕೈಗೆ ವಾಪಸು ಕೊಟ್ಟರು. ಸಾಫ್ಟ್‌ವೇರಿನ ಹುಡುಗ ಎರಡು ವರ್ಷದ ಹಿಂದೆ ಕೇಳಿದ ಪ್ರಶ್ನೆ ನನಗೆ ಅರ್ಥವಾದದ್ದು ಆಗ.

ತಡವಾದ ತೆರಿಗೆಗೆ ವರ್ಷಕ್ಕೆ 18% ಬಡ್ಡಿ. ಮೊದಲ ತಿಂಗಳ 3,000ಕ್ಕೆ 31 ತಿಂಗಳ ಬಡ್ಡಿ, ಕೊನೆಯದಕ್ಕೆ 8 ತಿಂಗಳದ್ದು, ಎಲ್ಲ ಸೇರಿ 21,060. ಶೋಕಾಸ್ ನೋಟಿಸ್ ಬರುವುದರೊಳಗೆ ತೆರಿಗೆ, ಬಡ್ಡಿ ಎರಡನ್ನೂ DRC-03 ಫಾರ್ಮಿನಲ್ಲಿ ಕಟ್ಟಿಬಿಡಿ, ದಂಡ ಬೀಳುವುದಿಲ್ಲ ಅಂತ ಆಡಿಟರು ಹೇಳಿದರು (ಈ ಸಲ "ಹ್ಞೂಂ" ಅಲ್ಲ, ಪೂರ್ತಿ ವಾಕ್ಯ). 2024ರ ಡಿಸೆಂಬರಿನಲ್ಲಿ ಕಟ್ಟಿದೆ. ಊಟ ಮಾಡಿ ಹೋದ ಗಿರಾಕಿಗಳನ್ನು ಹುಡುಕಿಕೊಂಡು ಹೋಗಿ ತಲಾ ಎರಡು ರೂಪಾಯಿ ಕೇಳಲಿಕ್ಕೆ ಆಗುತ್ತದಾ? ನನ್ನ ಕೈಯಿಂದಲೇ ಹೋಯಿತು.

ಅಲ್ಲಿಗೂ ಮುಗಿಯಲಿಲ್ಲ. ಹಂಚಿದ ದುಡ್ಡನ್ನು ನಾನು ಆದಾಯದಲ್ಲೂ ತೋರಿಸಿರಲಿಲ್ಲ, ಖರ್ಚಿನಲ್ಲೂ ತೋರಿಸಿರಲಿಲ್ಲ. ಆದಾಯ ತೆರಿಗೆಯ ಲೆಕ್ಕದಲ್ಲಿ ಸರ್ವಿಸ್ ಚಾರ್ಜ್ ಹೋಟೆಲಿನ ಆದಾಯ, ಹುಡುಗರಿಗೆ ಕೊಟ್ಟದ್ದು ಸಂಬಳದ ಖರ್ಚು. ಕೊಟ್ಟದ್ದಕ್ಕೆ ಸಾಕ್ಷಿ ಬೇಕು. ಪುಣ್ಯಕ್ಕೆ ಒಂದು ನೋಟ್‌ಬುಕ್ಕಿನಲ್ಲಿ ಸಹಿ ಹಾಕಿಸಿಕೊಂಡಿದ್ದೆ. ಆದರೆ ಮೂರು ತಿಂಗಳು, ಮಗಳ ಮದುವೆಯ ಓಡಾಟದಲ್ಲಿ, ಸಹಿ ಇಲ್ಲದೆ ಕೊಟ್ಟಿದ್ದೆ. ಆ 1,80,000ವನ್ನು ನನ್ನ ಆದಾಯ ಅಂತಲೇ ತೋರಿಸಿ ಅದಕ್ಕೆ ಬೇರೆ ತೆರಿಗೆ ಕಟ್ಟಿದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಅದು ಟಿಪ್ಸ್ ಅಲ್ಲ. ಟಿಪ್ಸ್ ಅಂದರೆ ಗಿರಾಕಿ ಊಟ ಮುಗಿಸಿ, ತನಗೆ ಮನಸ್ಸು ಬಂದಷ್ಟು, ಬಿಲ್ಲಿನ ಹೊರಗೆ ಹುಡುಗನಿಗೆ ಬಿಟ್ಟುಹೋಗುವುದು. ಅದು ಅವರಿಬ್ಬರ ನಡುವಿನ ವ್ಯವಹಾರ, ನಿಮ್ಮ ಊಟದ ಬೆಲೆಗೆ ಸೇರುವುದಿಲ್ಲ, ಅದಕ್ಕೆ ಜಿಎಸ್‌ಟಿ ಇಲ್ಲ. ನೀವು ಬಿಲ್ಲಿನಲ್ಲಿ ಅಚ್ಚು ಹಾಕಿ ಕೇಳಿದ ಗಳಿಗೆಯಲ್ಲಿ ಅದು ನಿಮ್ಮ ಶುಲ್ಕ ಆಯಿತು. ನೀವೇನಾದರೂ ಸಣ್ಣ ವ್ಯಾಪಾರಿಗಳಿಗಿರುವ ಕಾಂಪೊಸಿಷನ್ ಸ್ಕೀಮಿನಲ್ಲಿದ್ದರೆ ಇನ್ನೂ ಕಷ್ಟ. ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವ ಹಾಗೆಯೇ ಇಲ್ಲ, ಸರ್ವಿಸ್ ಚಾರ್ಜೂ ಸೇರಿದ ಒಟ್ಟು ವ್ಯಾಪಾರದ ಮೇಲೆ 5% ನಿಮ್ಮ ಕಿಸೆಯಿಂದಲೇ ಹೋಗಬೇಕು.

ಹಾಗಾದರೆ ಸರಿಯಾಗಿ ತೆರಿಗೆ ಹಾಕಿಯೇ ಸರ್ವಿಸ್ ಚಾರ್ಜ್ ತೆಗೆದುಕೊಳ್ಳುವ ಅನ್ನುತ್ತೀರಾ? ಅದೂ ಬೇಡ. ಬಿಲ್ಲಿಗೆ ತಾನಾಗಿ ಸರ್ವಿಸ್ ಚಾರ್ಜ್ ಸೇರಿಸಬಾರದು, ಅದನ್ನು ಸೇರಿಸಿ ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ ಹಾಕಲೂಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಮಾರ್ಗಸೂಚಿ ಹೊರಡಿಸಿತ್ತು. ಅದೇ ತಿಂಗಳು ದೆಹಲಿ ಹೈಕೋರ್ಟಿನಿಂದ ತಡೆ ಬಂದದ್ದರಿಂದ ನನ್ನಂಥವರೆಲ್ಲ ಮುಂದುವರಿಸಿದೆವು. 2025ರ ಮಾರ್ಚ್ 28ರಂದು ಅದೇ ಹೈಕೋರ್ಟು ಹೋಟೆಲ್ ಸಂಘಗಳ ಅರ್ಜಿ ವಜಾ ಮಾಡಿ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಗಿರಾಕಿ 1915ಕ್ಕೆ ಒಂದು ಫೋನು ಮಾಡಿದರೆ ಸಾಕು, ದೂರು ದಾಖಲಾಗುತ್ತದೆ. ನಾನು ನಿಲ್ಲಿಸಿದ್ದು ತೀರ್ಪಿಗೂ ಒಂದು ವರ್ಷ ಮೊದಲು, ಗಲ್ಲೆಯ ಎದುರು ದಿನಾ ಆಗುತ್ತಿದ್ದ ಚರ್ಚೆ ತಡೆಯಲಾರದೆ. "ನಲವತ್ತು ತೆಗೀರಿ" ಅನ್ನುತ್ತಿದ್ದವರು ದುಡ್ಡಿಲ್ಲದವರಲ್ಲ. ಅದೇ ಗಿರಾಕಿ ಮೊದಲೆಲ್ಲ ತಾನಾಗಿ ಐವತ್ತು ಇಟ್ಟು ಹೋಗುತ್ತಿದ್ದ. ಬಿಲ್ಲಿನಲ್ಲಿ ಆ ಸಾಲು ಕಂಡ ದಿನದಿಂದ ಸೋಂಪಿನ ತಟ್ಟೆ ಖಾಲಿ. ಹಂಚಿದಾಗ ತಲಾ ನಾಲ್ಕು ಸಾವಿರ ಚಿಲ್ಲರೆ ಸಿಕ್ಕಿದರೂ ಸಪ್ಲಾಯರ್ ಹುಡುಗರ ಮುಖ ಗಂಟು ಬಿಡಲಿಲ್ಲ.

ಹುಡುಗರಿಗೆ ಕೊಡಲೇಬೇಕು ಅಂತ ನಿಮಗಿದ್ದರೆ ಮೆನು ಕಾರ್ಡಿನ ದರ ಏರಿಸಿ. 800ರ ಊಟವನ್ನು 840 ಮಾಡಿ. ಅದಕ್ಕೆ ಜಿಎಸ್‌ಟಿ 42, ಒಟ್ಟು 882. ಮೇಲೆ ಹೇಳಿದ ಸರಿಯಾದ ಬಿಲ್ಲೂ 882ರದ್ದೇ, ನೋಡಿ. ಒಂದು ಪೈಸೆಯೂ ವ್ಯತ್ಯಾಸವಿಲ್ಲ. ಹೆಚ್ಚು ಬಂದ 40ನ್ನು ಸಂಬಳದಲ್ಲಿ ಸೇರಿಸಿ, ಸಹಿ ಹಾಕಿಸಿ ಕೊಡಿ. ದರ ಏರಿಸಿದರೆ ಗಿರಾಕಿ ಓಡುತ್ತಾನೆ ಅಂತ ಹೆದರುವವರು, ಸರ್ವಿಸ್ ಚಾರ್ಜ್ ಹಾಕಿದರೆ ಅವನಿಗೆ ಗೊತ್ತಾಗುವುದಿಲ್ಲ ಅಂತ ಹೇಗೆ ನಂಬುತ್ತಾರೋ!

ನಮ್ಮಲ್ಲಿ ಈಗ ಹಾಗೇ ನಡೆಯುತ್ತಿದೆ. ಟಿಪ್ಸಿಗೆ ಗಲ್ಲೆಯ ಪಕ್ಕ ಒಂದು ಡಬ್ಬಿ ಇಟ್ಟಿದ್ದೇನೆ, ತಟ್ಟೆಯದ್ದೂ ಅದಕ್ಕೇ ಬೀಳಬೇಕು, ರಾತ್ರಿ ಅಡುಗೆಮನೆಯವರೂ ಸೇರಿ ಅವರವರೇ ಹಂಚಿಕೊಳ್ಳುತ್ತಾರೆ. ಒಂದೇ ತೊಡಕು ಯುಪಿಐಯದ್ದು. 525ರ ಬಿಲ್ಲಿಗೆ 550 ಕಳಿಸಿ "ಇಪ್ಪತ್ತೈದು ಹುಡುಗನಿಗೆ" ಅನ್ನುವವರು ಈಗ ಜಾಸ್ತಿ, ಅದು ಬಂದು ಕೂರುವುದು ನನ್ನ ಖಾತೆಯಲ್ಲಿ. ಅಂಥದ್ದನ್ನು ಆಗಲೇ ಕೆಂಪು ಶಾಯಿಯಲ್ಲಿ ಬಿಲ್ ನಂಬರಿನ ಜೊತೆ ಬರೆದು, ಅಂದೇ ರಾತ್ರಿ ಗಲ್ಲೆಯಿಂದ ನಗದು ತೆಗೆದು ಡಬ್ಬಿಗೆ ಹಾಕುತ್ತೇನೆ. ಕಾರ್ಡಿನಲ್ಲಿ ಬಂದ ಟಿಪ್ಸನ್ನು ಹೋಟೆಲು ಬರೀ ನೌಕರರ ಪರವಾಗಿ ಹಿಡಿದುಕೊಂಡಿರುತ್ತದೆ, ಅದು ಸಂಬಳವಲ್ಲ, ಮಾಲೀಕ ಟಿಡಿಎಸ್ ಕಡಿಯಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟು 2016ರಲ್ಲಿ ದೊಡ್ಡ ಹೋಟೆಲೊಂದರ ಪ್ರಕರಣದಲ್ಲಿ ಹೇಳಿದೆ. ಅದು ನೌಕರನ ಕೈಯಲ್ಲಿ ಇತರ ಮೂಲದ ಆದಾಯ. ನಮ್ಮ ಹುಡುಗರ ಒಟ್ಟು ಗಳಿಕೆಗೆ ತೆರಿಗೆ ಬರುವುದಿಲ್ಲ, ಆ ಮಾತು ಬೇರೆ. ಆದರೆ ಬ್ಯಾಂಕಿನಲ್ಲಿ ಹೆಚ್ಚು ಕಾಣುವ ಪ್ರತಿ ಇಪ್ಪತ್ತೈದಕ್ಕೂ ನನ್ನ ಹತ್ತಿರ ಈಗ ಕೆಂಪು ಸಾಲು ಉಂಟು.

ನಿಮ್ಮ ಸಾಫ್ಟ್‌ವೇರಿನವನು ಬಂದು ಮೇಲೆ ಬರಬೇಕಾ, ಕೆಳಗೆ ಬರಬೇಕಾ ಅಂತ ಕೇಳಿದರೆ ಆ ಸಾಲೇ ಬೇಡ ಅಂತ ಹೇಳಿ ಕಳಿಸಿ.