ಖಾಲಿ ಗೋಡೆಯ ಫೋಟೋದಲ್ಲಿ ಫ್ರೇಮ್ ಹಾಕಿದ ಪೋಸ್ಟರ್ ಕೂರಿಸುವುದು

ಪ್ರಶ್ನೆ: ಉಡುಪಿಯ ನಮ್ಮ ಹಳೇ ಮನೆಯ ಚಾವಡಿಯ ಖಾಲಿ ಗೋಡೆ ಫೋಟೋಗೆ ಫ್ರೇಮ್ ಹಾಕಿದ ಯಕ್ಷಗಾನ ಪೋಸ್ಟರ್ ಸೇರಿಸಬೇಕು. ಫೋಟೋಶಾಪ್‌ನಲ್ಲಿ ನಾಲ್ಕು ಮೂಲೆ ಎಳೆದು ನೋಡಿದೆ, ಆದರೂ ಅಂಟಿಸಿದ ಹಾಗೇ ಕಾಣುತ್ತೆ. ಏನು ಮಾಡಲಿ?

ಮೂಲೆಗಳನ್ನು ಕಣ್ಣಳತೆಯಲ್ಲಿ ಎಳೆಯುವುದನ್ನು ಬಿಡಿ. ಖಾಲಿ ಗೋಡೆಯಲ್ಲಿ ಕಣ್ಣಿಗೆ ಆಧಾರವೇ ಇರುವುದಿಲ್ಲ. ಓರೆಯಾಗಿ ತೆಗೆದ ಫೋಟೋದಲ್ಲಿ ಪೋಸ್ಟರ್‌ನ ಅಗಲ ಎಷ್ಟು ಕುಗ್ಗಬೇಕು ಅಂತ ಅಂದಾಜಿನಲ್ಲಿ ಹೇಳುವುದು ಕಷ್ಟ, ಹೆಚ್ಚಾಗಿ ಅಗಲ ಜಾಸ್ತಿಯೇ ಆಗುತ್ತದೆ. ಅದೇ ಗೋಡೆಯಲ್ಲಿ ಅಳತೆ ಗೊತ್ತಿರುವ ಒಂದು ಆಯತ ಹುಡುಕಿ. ಚಾವಡಿಯಿಂದ ಒಳಗೆ ಹೋಗುವ ಬಾಗಿಲಿನ ದಾರಂದ ಇದಕ್ಕೆ ಸಾಕು.

ದಾರಂದದ ಹೊರ ಅಳತೆ 3 ಅಡಿ ಅಗಲ, 7 ಅಡಿ ಎತ್ತರ ಎಂದಿಟ್ಟುಕೊಳ್ಳಿ. ಪೋಸ್ಟರ್ ಫ್ರೇಮ್ ಸೇರಿ 2 ಅಡಿ ಅಗಲ, 3 ಅಡಿ ಎತ್ತರ. ಹೊಸ ಫೈಲ್‌ನಲ್ಲಿ ಗೋಡೆಯನ್ನು ನೇರ ಎದುರಿನಿಂದ ನೋಡಿದ ಹಾಗೆ ಬರೆಯಿರಿ, 1 ಅಡಿಗೆ 500 ಪಿಕ್ಸೆಲ್. ಆಗ ದಾರಂದ 1500 × 3500 ಪಿಕ್ಸೆಲ್‌ನ ಬರೀ ಆಯತ. ಅದರ ಬಲಕ್ಕೆ ಎರಡೂವರೆ ಅಡಿ, ಅಂದರೆ 1250 ಪಿಕ್ಸೆಲ್ ಬಿಟ್ಟು 1000 × 1500 ಪಿಕ್ಸೆಲ್‌ನ ಪೋಸ್ಟರ್ ಇಡಿ. ಪೋಸ್ಟರ್‌ನ ನಡುಭಾಗ ನೆಲದಿಂದ ಸುಮಾರು 5 ಅಡಿ ಎತ್ತರದಲ್ಲಿದ್ದರೆ ನಿಂತವರ ಕಣ್ಣಿಗೆ ಸರಿಹೋಗುತ್ತದೆ.

ಎರಡನ್ನೂ ಒಟ್ಟಿಗೆ ಆರಿಸಿ `Convert to Smart Object` ಮಾಡಿ, ನಿಮ್ಮ ಫೋಟೋದ ಮೇಲೆ ತನ್ನಿ. ಕೆಳಗಿನ ಫೋಟೋ ಕಾಣುವಂತೆ ಅಪಾಸಿಟಿ ಇಳಿಸಿ. `Edit > Perspective Warp` ತೆರೆದು, `Layout` ಹಂತದಲ್ಲಿ ನೀವು ಬರೆದ ದಾರಂದದ ನಾಲ್ಕು ಮೂಲೆಗೆ ಪಿನ್ ಇಡಿ. ಆಮೇಲೆ `Warp` ಒತ್ತಿ, ಆ ಪಿನ್‌ಗಳನ್ನು ಫೋಟೋದ ನಿಜವಾದ ದಾರಂದದ ಮೂಲೆಗಳಿಗೆ ಎಳೆಯಿರಿ. ಪೋಸ್ಟರನ್ನು ನೀವು ಮುಟ್ಟುವುದೇ ಇಲ್ಲ. ದಾರಂದದ ಜೊತೆಗೆ ಅದೂ ವಾಲಿ ಸರಿಯಾದ ಜಾಗಕ್ಕೆ ಹೋಗಿ ಕೂರುತ್ತದೆ. ಪೋಸ್ಟರ್‌ನ ಮೇಲಂಚು, ಕೆಳಂಚು ಮತ್ತು ಫೋಟೋದ ನಿಜವಾದ ದಾರಂದದ ಮೇಲಂಚುಗಳನ್ನು ಗೆರೆ ಎಳೆದು ಮುಂದುವರಿಸಿ ನೋಡಿ. ಮೂರೂ ಒಂದೇ ಬಿಂದುವಿನಲ್ಲಿ ಸೇರಬೇಕು. ಸೇರದಿದ್ದರೆ ಯಾವುದೋ ಪಿನ್ ಜಾರಿದೆ ಎಂದರ್ಥ. ಸರಿಯಾಗಿದ್ದರೆ ನೀವು ಬರೆದ ದಾರಂದದ ಆಯತವನ್ನು ಮಾಸ್ಕ್ ಮಾಡಿ ಮರೆಮಾಡಿ, ಅಪಾಸಿಟಿ ಮತ್ತೆ ಪೂರ್ತಿ ಏರಿಸಿ. ಫೋನಿನ 0.5x ಲೆನ್ಸ್‌ನಲ್ಲಿ ತೆಗೆದ ಫೋಟೋ ಆದರೆ ಅಂಚಿನ ಹತ್ತಿರ ಗೆರೆಗಳೇ ಬಾಗಿರಬಹುದು. ಅಂಥದ್ದಕ್ಕೆ ಈ ವಿಧಾನ ಸರಿಬರುವುದಿಲ್ಲ, 1x ನಲ್ಲಿ ಮತ್ತೆ ತೆಗೆಯಿರಿ.

ಇನ್ನು ಬೆಳಕು. ಅಂಟಿಸಿದ ಹಾಗೆ ಕಾಣಲು ಮುಖ್ಯ ಕಾರಣ ಪೋಸ್ಟರ್‌ನ ಬಿಳಿ. ಮಳೆಗಾಲದ ಮೋಡದ ಬೆಳಕಿನಲ್ಲಿ ಸುಣ್ಣದ ಗೋಡೆ `Info` ಪ್ಯಾನೆಲ್‌ನಲ್ಲಿ 190ರ ಆಸುಪಾಸು ತೋರಿಸುತ್ತಿರುವಾಗ, ಪೋಸ್ಟರ್‌ನ ಕಾಗದ ಮಾತ್ರ 255 ಇದ್ದರೆ ಅದು ಆ ಕೋಣೆಯದ್ದು ಅನ್ನಿಸುವುದಿಲ್ಲ ಅಲ್ವಾ? ಹಾಗಾಗಿ ಬೆಳಕನ್ನು ಗೋಡೆಯಿಂದಲೇ ತೆಗೆದುಕೊಳ್ಳಿ. ಪೋಸ್ಟರ್‌ಗಿಂತ ಸ್ವಲ್ಪ ದೊಡ್ಡದಾಗಿ, ಅದರ ಹಿಂದಿನ ಗೋಡೆಯ ತುಂಡನ್ನು ಹೊಸ ಲೇಯರ್‌ಗೆ ನಕಲು ಮಾಡಿ ಪೋಸ್ಟರ್ ಮೇಲೆ ತನ್ನಿ. ಗೋಡೆಯ ಕಲೆ, ಬಿರುಕು ಕಾಣದಷ್ಟು `Gaussian Blur` ಕೊಡಿ. `Multiply` ಮೋಡ್‌ಗೆ ಹಾಕಿ, ಪೋಸ್ಟರ್‌ಗೆ ಕ್ಲಿಪ್ ಮಾಡಿ. ಕಿಟಕಿ ಕಡೆಯಿಂದ ಬೆಳಕು ಕಡಿಮೆಯಾಗುತ್ತಾ ಹೋಗುವುದು ತಾನಾಗಿಯೇ ಬಂದುಬಿಡುತ್ತದೆ. ನಿಮ್ಮದು ರೆಡ್ ಆಕ್ಸೈಡ್ ನೆಲ ಆದರೆ ಅದರ ಕೆಂಪು ಗೋಡೆಯ ಕೆಳಭಾಗಕ್ಕೆ ತಾಗಿರುತ್ತದೆ, ಪೋಸ್ಟರ್‌ನ ಕೆಳಭಾಗಕ್ಕೂ ಆ ಛಾಯೆ ಬರುತ್ತದೆ. ನನಗೆ ಈ ಕೆಲಸದಲ್ಲಿ ತುಂಬಾ ಇಷ್ಟವಾಗುವುದು ಇದೇ. ಗೋಡೆಗೆ ಹಸಿರೋ ನೀಲಿಯೋ ಪೇಂಟ್ ಇದ್ದರೆ ಮಾತ್ರ ಆ ತುಂಡಿನ `Saturation` ಇಳಿಸಿ. ಅದು ಪೇಂಟಿನ ಬಣ್ಣ, ಬೆಳಕಿನದ್ದಲ್ಲ.

`Multiply` ಕಪ್ಪನ್ನು ಸರಿಮಾಡುವುದಿಲ್ಲ. ಕೋಣೆಯಲ್ಲಿ ಬೆಂಚಿನ ಅಡಿಯ ಕತ್ತಲೆಯೇ 20 ಇದ್ದರೆ, ವೇಷದ ಮುಖದ ಕಪ್ಪು ಗೆರೆ 0 ಇರಬಾರದು. ಕ್ಲಿಪ್ ಮಾಡಿದ ಲೇಯರ್‌ಗಳಲ್ಲಿ ಎಲ್ಲಕ್ಕಿಂತ ಮೇಲೆ `Levels` ಹಾಕಿ, `Output Levels` ನ ಎಡ ತುದಿಯನ್ನು ಅಷ್ಟಕ್ಕೇ ಏರಿಸಿ.

ನೆರಳಿಗೆ ಸುಮ್ನೆ ಡ್ರಾಪ್ ಶ್ಯಾಡೋ ಹಾಕಬೇಡಿ. ಮೊದಲು ಬೆಳಕು ಯಾವ ಕಡೆಯಿಂದ ಅಂತ ನೋಡಿ. ಬಲಗಡೆ ಗೋಡೆಯಲ್ಲಿ ಕಿಟಕಿ ಇದ್ದರೆ ನೆರಳು ಎಡಕ್ಕೆ ಬೀಳುತ್ತದೆ. ಫ್ರೇಮ್ ಗೋಡೆಗೆ ತಾಗುವಲ್ಲಿ ತೆಳ್ಳಗೆ, ಗಾಢವಾಗಿ ಒಂದು. ಅದರಾಚೆಗೆ ಅಗಲವಾಗಿ, ತೀರಾ ತಿಳಿಯಾಗಿ ಇನ್ನೊಂದು. ಬಣ್ಣವನ್ನು ಗೋಡೆಯ ಕತ್ತಲ ಮೂಲೆಯಿಂದ ಆರಿಸಿ, ಅಪ್ಪಟ ಕಪ್ಪು ಬೇಡ. ನೀವು ಎಡಗಡೆ ನಿಂತು ಫೋಟೋ ತೆಗೆದಿದ್ದರೆ ಫ್ರೇಮಿನ ಎಡ ಬದಿಯ ದಪ್ಪವೂ ಕಾಣಬೇಕು. ಒಂದು ಇಂಚಿನ ಪಟ್ಟಿ ಸಾಕು. ಅದು ನೆರಳಿನ ಕಡೆಯದ್ದಾದ್ದರಿಂದ ಎದುರಿನ ಮರಕ್ಕಿಂತ ಕಪ್ಪಾಗಿರಲಿ.

ಕೊನೆಗೆ ಫೋಟೋವನ್ನು 100% ಗೆ ಹಿಗ್ಗಿಸಿ ನೋಡಿ. ಗೋಡೆ ಸಣ್ಣ ಕಾಳುಕಾಳಾಗಿ ಕಂಡು ಪೋಸ್ಟರ್ ನುಣ್ಣಗಿದ್ದರೆ, ಪೋಸ್ಟರ್‌ಗೆ ಅರ್ಧ ಪಿಕ್ಸೆಲ್ ಬ್ಲರ್ ಕೊಟ್ಟು, `Add Noise` ನಲ್ಲಿ `Monochromatic` ಆರಿಸಿ 1ರಿಂದ 2% ಹಾಕಿ.